ಆರರ ಗೋಟೆಯೋ, ನಾಲ್ಕರ ತಿರುಗು ಸೆಂಟೆಯೋ? ಅನುಭವ ಇದ್ದವರು ಹೇಳಿ

ಕೇಳಿದವರು, ಕಲಬುರಗಿ (ಕಾಲೇಜು ವಿದ್ಯಾರ್ಥಿ):
ಗೋ ಆಟದಲ್ಲಿ ಗಡಿ ಮುಚ್ಚುವ ಹಂತದಲ್ಲಿ ಯಾವ ನಡೆ ದೊಡ್ಡದು ಎಂದು ನೀವೆಲ್ಲ ಹೇಗೆ ಎಣಿಸುತ್ತೀರಿ? ನನ್ನದು ಕಪ್ಪು, ಸರದಿಯೂ ನನ್ನದೇ. ಒಂದು ಕಡೆ ಬಿಳಿಯ ಮೂರು ಕಲ್ಲು ಹಿಡಿಯಬಹುದು, ಅದು ಆರಂಕದ ಗೋಟೆ, ಆಡಿದ ಮೇಲೆ ಸರದಿ ಬಿಳಿಗೆ ಹೋಗುತ್ತದೆ. ಇನ್ನೊಂದು ಕಡೆ, ಮೂಲೆಯಲ್ಲಿ, ಬಿಳಿಗೆ ನಾಲ್ಕಂಕದ ಸೆಂಟೆ ಇದೆ, ಅವನು ಆಡಿದರೆ ನಾನು ಉತ್ತರ ಕೊಡಲೇಬೇಕು; ಅದನ್ನು ನಾನೇ ಮೊದಲು ಮುಚ್ಚಬಹುದು, ಅದೇ ತಿರುಗು ಸೆಂಟೆ. ಉಳಿದದ್ದು ಸಣ್ಣಪುಟ್ಟ.

ಬೀದರ್, ಔಷಧ ಅಂಗಡಿಯವರು:
ತಮ್ಮಾ, ಇದರಲ್ಲಿ ಯೋಚಿಸುವುದೇನೂ ಇಲ್ಲ. ತಿರುಗು ಸೆಂಟೆಗೆ ಎರಡು ಪಟ್ಟು ಬೆಲೆ. ನಾಲ್ಕು ಎಂಟಾಯಿತು, ಎಂಟು ಆರಕ್ಕಿಂತ ದೊಡ್ಡದು. ಈ ಪಾಠಕ್ಕೆ ನಾನು ಒಂದು ಪಂದ್ಯವನ್ನೇ ತೆತ್ತಿದ್ದೇನೆ. ನನಗೆ ಆಟ ಹೇಳಿಕೊಟ್ಟ ಹಿರಿಯರು "ಹಿಡಿದ ಕಲ್ಲು ಕೈಗೆ ಬಂದ ಹಣ, ಮೊದಲು ಅದನ್ನು ಎತ್ತಿಕೋ" ಎಂದು ತಲೆಗೆ ತುಂಬಿದ್ದರು. ನಿಮ್ಮದೇ ಲೆಕ್ಕ: ಆರರ ಗೋಟೆ, ನಾಲ್ಕರ ತಿರುಗು ಸೆಂಟೆ. ಅವರು ಹೇಳಿದಂತೆ ಮೂರು ಕಲ್ಲು ಹಿಡಿದೆ. ಬಿಳಿ ಮೂಲೆಯ ಮೊದಲ ಸಾಲಿನಲ್ಲಿ ನುಗ್ಗಿದ, ನಾನು ತಡೆದೆ, ಅವನು ಜೋಡಿಸಿಕೊಂಡ, ಕತ್ತರಿಸಿಯಾನೆಂದು ನಾನೂ ಜೋಡಿಸಬೇಕಾಯಿತು. ಆ ಮೂಲೆಯ ನಾಲ್ಕಂಕ ಹೋಯಿತು. ಸರದಿ ಮತ್ತೆ ಅವನದೇ, ಮೇಲಿನ ಅಂಚಿನಲ್ಲಿ ಉಳಿದಿದ್ದ ನಾಲ್ಕಂಕದ ಗೋಟೆಯನ್ನೂ ಬಾಚಿಕೊಂಡ. ಬಿಳಿಗೆ ಕೊಡುವ ಕೊಮಿ 6.5 ಕಳೆದರೆ ನಾನು ಸೋತದ್ದು ಒಂದೂವರೆ ಅಂಕದಿಂದ. ಮೂಲೆ ಮೊದಲು ಮುಚ್ಚಿದ್ದರೆ ಅರ್ಧ ಅಂಕದಿಂದ ಗೆಲುವು ನನ್ನದಾಗಿತ್ತು. ಇಂದಿಗೂ ಹೊಟ್ಟೆ ಉರಿಯುತ್ತದೆ.

ಯಾದಗಿರಿ, ಮೊಬೈಲ್ ರಿಪೇರಿ:
ಮಂಕಿ ಜಂಪ್ ಎಲ್ಲಿದೆ ಎಂದು ಮೊದಲು ನೋಡಿ. ಅದು ಸಾಮಾನ್ಯವಾಗಿ ಎಂಟರ ಆಸುಪಾಸು, ಅದಕ್ಕಿಂತ ದೊಡ್ಡ ನಡೆ ಕೊನೆಯಲ್ಲಿ ಸಿಗುವುದು ಕಡಿಮೆ. ನಾನು ಬಿಳಿಯಾಗಿ ಆಡುವಾಗ ಎರಡನೆಯ ಸಾಲಿನಿಂದ ಮೊದಲ ಸಾಲಿಗೆ ಹಾರಿ ಎಷ್ಟೋ ಆಟ ಗೆದ್ದಿದ್ದೇನೆ. ಇನ್ನೊಂದು ಮಾತು: ನಾನು ಆಡುವುದು ಚೀನೀ ನಿಯಮದಲ್ಲಿ. ಅಲ್ಲಿ ಯಾರ ಜಾಗಕ್ಕೂ ಸೇರದ ದಾಮೆ ಬಿಂದುಗಳಿಗೂ ಬೆಲೆ ಇದೆ, ನೀವು ಮಾಡುತ್ತಿರುವ ಲೆಕ್ಕ ಅಲ್ಲಿ ಪೂರ್ತಿ ನಿಲ್ಲುವುದಿಲ್ಲ.

ಬೀದರ್, ಔಷಧ ಅಂಗಡಿಯವರು:
ಹುಡುಗ ಮಂಕಿ ಜಂಪ್ ಕೇಳಿದನೇ? ಪ್ರಶ್ನೆ ಓದಿ ಉತ್ತರ ಬರೆಯಿರಿ.

ಕಲಬುರಗಿ, ಗಣಿತ ಶಿಕ್ಷಕಿ:
ಬೀದರಿನ ಸಾಹೇಬರೇ, ನಿಮ್ಮ ಆಟದಲ್ಲಿ ನೀವು ಹೇಳಿದ ನಡೆಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಎಲ್ಲ ಆಟಕ್ಕೂ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಎರಡು ಪಟ್ಟು ಎನ್ನುವುದಕ್ಕೆ ಕಾರಣ ಇಷ್ಟೇ: ಗೋಟೆಯಲ್ಲಿ ಅತ್ತಿತ್ತಲ ವ್ಯತ್ಯಾಸ ಆರು, ಅದು ಎರಡು ನಡೆಗೆ ಹಂಚಿಹೋಗುತ್ತದೆ, ಒಂದು ನಡೆಗೆ ಮೂರು. ತಿರುಗು ಸೆಂಟೆಯ ನಾಲ್ಕು ಒಂದೇ ನಡೆಯದು. ಮೂರಕ್ಕಿಂತ ನಾಲ್ಕು ದೊಡ್ಡದು. ಮಣೆಯ ಮೇಲೆ ಇನ್ನೂ ಬೇಕಾದಷ್ಟು ಗಡಿ ತೆರೆದಿದ್ದರೆ ಈ ಭಾಗಾಕಾರ ಸಾಮಾನ್ಯವಾಗಿ ಕೈಬಿಡುವುದಿಲ್ಲ. ಕೊನೆಯ ನಾಲ್ಕಾರು ನಡೆ ಉಳಿದಾಗ ಮಾತ್ರ ಭಾಗಾಕಾರವನ್ನು ಬಿಟ್ಟು ಆಡಿ ಮುಗಿಸಿ ಕೂಡಬೇಕು.

ನನ್ನ ಆಟವನ್ನೇ ಹೇಳುತ್ತೇನೆ. ಎದುರಿಗೆ ನನ್ನ ಅಣ್ಣ. ಇದೇ ಆರು, ಇದೇ ನಾಲ್ಕು. ಉಳಿದದ್ದು ಒಂದೇ ಒಂದು ಓಣಿ, ಎರಡು ಖಾಲಿ ಬಿಂದುವಿನದು. ಮುಚ್ಚಿದರೆ ಒಂದಂಕ, ಅವನು ನುಗ್ಗಿದರೆ ಸೊನ್ನೆ. ಮೂಲೆ ಮುಚ್ಚಿದ್ದರೆ ನನಗೆ ನಾಲ್ಕು, ಕಲ್ಲು ಅವನು ಬಿಡಿಸಿಕೊಳ್ಳುತ್ತಿದ್ದ, ಓಣಿಯ ಒಂದಂಕ ನನ್ನದು: ಒಟ್ಟು ಐದು. ನಾನು ಕಲ್ಲು ಹಿಡಿದೆ, ಆರು. ಅವನು ಮೂಲೆಯ ಸೆಂಟೆ ಆಡಿದ, ಉತ್ತರ ಕೊಟ್ಟೆ, ಓಣಿಯನ್ನೂ ಅವನೇ ತೆಗೆದುಕೊಂಡ. ಆದರೂ ನನ್ನ ಬಳಿ ಆರು. ಅರ್ಧ ಅಂಕದಿಂದ ಗೆದ್ದೆ. "ನಿಯಮ ಮುರಿದು ಗೆದ್ದೆ" ಎಂದು ಅಣ್ಣ ಇಂದಿಗೂ ವಾದಿಸುತ್ತಾನೆ. ನಿಯಮ ಮುರಿಯಲಿಲ್ಲ, ನಾನು ಕೊನೆಯವರೆಗೆ ಎಣಿಸಿದೆ.

ಬೀದರ್, ಔಷಧ ಅಂಗಡಿಯವರು:
ಅಕ್ಕನವರೇ, ಒಂದಂಕದ ಓಣಿ ಹಿಡಿದುಕೊಂಡು ನೀವು ಹುಡುಗನ ದಾರಿ ತಪ್ಪಿಸುತ್ತಿದ್ದೀರಿ. ಕಲಿಯುವವರಿಗೆ ಒಂದು ನಿಯಮ ಗಟ್ಟಿಯಾಗಿ ಕೊಡಬೇಕು. ನನಗೆ ಆ ಹಿರಿಯರು ತಪ್ಪು ನಿಯಮ ಕೊಟ್ಟರು, ಅದರ ನೋವು ನನಗೆ ಗೊತ್ತು.

ಕಲಬುರಗಿ, ಗಣಿತ ಶಿಕ್ಷಕಿ:
ನಿಮಗೆ ನೋವಾಗಿರುವುದು ನಿಜ, ಹಾಗೆಂದು ಲೆಕ್ಕ ಬದಲಾಗುವುದಿಲ್ಲ. ಕಲ್ಲು ಹಿಡಿದರೆ ಮೂಲೆಗಿಂತ ಎರಡಂಕ ಹೆಚ್ಚು ಕೈಗೆ ಬರುತ್ತದೆ, ಆದರೆ ಉಳಿದದ್ದರಲ್ಲಿ ಮೊದಲ ಸರದಿ ಬಿಳಿಗೆ ಹೋಗುತ್ತದೆ. ಆ ಸರದಿ ಎರಡಂಕಕ್ಕಿಂತ ಹೆಚ್ಚು ಬಾಳುತ್ತದೆಯೇ ಎಂಬುದೇ ಪ್ರಶ್ನೆ. ಉಳಿದ ಗೋಟೆಗಳನ್ನು ದೊಡ್ಡದರಿಂದ ಸಾಲಾಗಿ ಇಟ್ಟು ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತ ಹೋಗಿ. ನಿಮ್ಮ ಆಟದಲ್ಲಿ ಉಳಿದದ್ದು ಒಂದೇ ನಾಲ್ಕು, ಎರಡಕ್ಕಿಂತ ಹೆಚ್ಚು, ಆದ್ದರಿಂದ ಮೂಲೆ. ಉಳಿದದ್ದು ಐದು ಮತ್ತು ನಾಲ್ಕು ಎಂದಿಟ್ಟುಕೊಳ್ಳಿ: ಐದರಲ್ಲಿ ನಾಲ್ಕು ಕಳೆದರೆ ಒಂದು, ಆಗ ಕಲ್ಲೇ ಸರಿ, ಆಡಿ ನೋಡಿ, ಕಲ್ಲಿಗೆ ಹತ್ತು, ಮೂಲೆಗೆ ಒಂಬತ್ತು. ಅವುಗಳ ಜೊತೆ ಮೂರರದೊಂದು ಇದ್ದರೆ ಲೆಕ್ಕ ನಾಲ್ಕಾಗುತ್ತದೆ, ಮತ್ತೆ ಮೂಲೆ. ದೊಡ್ಡ ನಡೆ ಉಳಿದಿದೆ ಎಂಬುದಷ್ಟೇ ಸಾಲದು, ಕೊನೆಯ ನಡೆ ಯಾರ ಪಾಲಿಗೆ ಬೀಳುತ್ತದೆ ಎಂದೂ ನೋಡಬೇಕು.

ಇನ್ನೊಂದು, ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು: ಬಿಳಿಯ ಆ ನಡೆ ನಿಜಕ್ಕೂ ಸೆಂಟೆಯೇ? ಅವನು ನುಗ್ಗಿದಾಗ ನೀನು ಬೇರೆಡೆ ಆಡಿದರೆ ಏನಾಗುತ್ತದೆ? ಮೂಲೆಯ ಕಲ್ಲುಗಳೇ ಸತ್ತರೆ ಅದು ಸೆಂಟೆ. ಎರಡೋ ಮೂರೋ ಅಂಕ ಮಾತ್ರ ಹೋಗುವುದಾದರೆ ಅದನ್ನು ಸೆಂಟೆ ಎಂದು ಎಣಿಸಿದ್ದೇ ತಪ್ಪು, ಆಗ ಮೇಲಿನ ಲೆಕ್ಕವೆಲ್ಲ ಬಿದ್ದುಹೋಗುತ್ತದೆ.

ಕೇಳಿದವರು, ಕಲಬುರಗಿ:
ಮೇಡಂ, ಮೂಲೆಯಲ್ಲಿ ಉತ್ತರ ಕೊಡದಿದ್ದರೆ ನನ್ನ ಗುಂಪಿಗೆ ಎರಡನೆಯ ಕಣ್ಣೇ ಆಗುವುದಿಲ್ಲ, ಎಲ್ಲ ಸಾಯುತ್ತದೆ. ಉಳಿದಿರುವ ಗೋಟೆಗಳು ಮೂರು, ಎರಡು, ಒಂದು.

ಕಲಬುರಗಿ, ಗಣಿತ ಶಿಕ್ಷಕಿ:
ಮೂರರಲ್ಲಿ ಎರಡು ಕಳೆದು ಒಂದು ಕೂಡಿದರೆ ಎರಡು. ತಕ್ಕಡಿ ಸಮ. ಕಲ್ಲು ಹಿಡಿದರೆ ನಿನಗೆ ಆರು ಮತ್ತು ಎರಡು. ಮೂಲೆ ಮುಚ್ಚಿದರೆ ನಾಲ್ಕು, ಮೂರು, ಒಂದು. ಎರಡೂ ಎಂಟೇ.

ಬೀದರ್, ಔಷಧ ಅಂಗಡಿಯವರು:
ಸಮವಾದರೆ ತಿರುಗು ಸೆಂಟೆಯನ್ನೇ ಆಡು. ನಿನ್ನ ಎಣಿಕೆಯಲ್ಲಿ ಒಂದು ದೊಡ್ಡ ಗೋಟೆ ತಪ್ಪಿಹೋಗಿದ್ದರೂ ಸರದಿ ಕೈಯಲ್ಲಿರುತ್ತದೆ.

ಯಾದಗಿರಿ, ಮೊಬೈಲ್ ರಿಪೇರಿ:
ಈಗಲಾದರೂ ನನ್ನ ಮಾತಿಗೆ ಬನ್ನಿ. ಸಮ ಎನ್ನುವುದು ಜಪಾನೀ ನಿಯಮದಲ್ಲಿ. ಚೀನೀ ನಿಯಮದಲ್ಲಿ ಕೊನೆಗೆ ಯಾರ ಕಲ್ಲು ಒಂದು ಹೆಚ್ಚು ಬಿತ್ತು ಎಂಬುದೂ ಅಂಕವೇ. ಕಲ್ಲು ಹಿಡಿಯುವ ದಾರಿಯಲ್ಲಿ ಕೊನೆಯ ಗೋಟೆ ಬಿಳಿಯದು, ದಾಮೆ ತುಂಬಲು ಮೊದಲ ಸರದಿ ನಿನ್ನದು. ಮೂಲೆ ಮುಚ್ಚುವ ದಾರಿಯಲ್ಲಿ ಕೊನೆಯ ಗೋಟೆ ನಿನ್ನದು, ದಾಮೆ ಅವನಿಂದ ಶುರು. ದಾಮೆ ಬೆಸವಾಗಿದ್ದರೆ ಕಲ್ಲು ಹಿಡಿಯುವುದು ಒಂದಂಕ ಮೇಲು, ಸಮಸಂಖ್ಯೆಯಾಗಿದ್ದರೆ ಮೂಲೆ ಒಂದಂಕ ಮೇಲು. ಪ್ರಶ್ನೆ ಓದಿಲ್ಲ ಎಂದು ಬೈದವರು ದಾಮೆ ಎಣಿಸಿದ್ದಾರೆಯೇ?

ಬೀದರ್, ಔಷಧ ಅಂಗಡಿಯವರು:
ಹುಡುಗ ಯಾವ ನಿಯಮದಲ್ಲಿ ಆಡುತ್ತಾನೆ ಎಂದು ನೀವೇ ತೀರ್ಮಾನಿಸಬೇಡಿ.

ಕಲಬುರಗಿ, ಗಣಿತ ಶಿಕ್ಷಕಿ:
ಯಾದಗಿರಿಯವರ ಎಣಿಕೆಯನ್ನು ಮಣೆಯ ಮೇಲೆ ಕಲ್ಲಿಟ್ಟು ನೋಡಿದೆ, ಸರಿಯಾಗಿದೆ. ತಮ್ಮಾ, ನಿನ್ನದು ಯಾವ ನಿಯಮ, ದಾಮೆ ಎಷ್ಟು ಉಳಿದಿವೆ? ಎಲ್ಲಿಯಾದರೂ ಕೋ ಇದ್ದರೆ ಅದನ್ನೂ ಬರೆ. ಕೋ ಇದ್ದರೆ ನಾನು ಹೇಳಿದ ಕೂಡಿ ಕಳೆಯುವ ಲೆಕ್ಕವನ್ನು ಹಾಗೆಯೇ ನಂಬಬೇಡ.