ಉದ್ಯೋಗ ಜಾಹೀರಾತಿನ ಉದ್ದನೆಯ ಪಟ್ಟಿ: ಯಾವುದು ಬೇಕೇ ಬೇಕು, ಯಾವುದು ಬರೀ ಆಸೆ?

ಕೇಳಿದವರು

ಎರಡೂವರೆ ವರ್ಷದಿಂದ ಲೆಕ್ಕಪತ್ರ ವಿಭಾಗದಲ್ಲಿ ವರದಿ ತಯಾರಿಸುವ ಕೆಲಸದಲ್ಲಿದ್ದೇನೆ. ಎಸ್‌ಕ್ಯೂಎಲ್ ದಿನವೂ ಬಳಸುತ್ತೇನೆ, ಎಕ್ಸೆಲ್ ಚೆನ್ನಾಗಿ ಬರುತ್ತದೆ, ಪವರ್ ಬಿಐನಲ್ಲಿ ಡ್ಯಾಶ್‌ಬೋರ್ಡ್ ಮಾಡಿದ್ದೇನೆ. ಈಗ ಒಂದು ಡೇಟಾ ಅನಾಲಿಸ್ಟ್ ಹುದ್ದೆಯ ಜಾಹೀರಾತು ನೋಡಿದೆ.

ಮಾಡಬೇಕಾದ ಕೆಲಸ: ಡೇಟಾಬೇಸ್‌ನಿಂದ ವಾರದ ಮಾರಾಟ ವರದಿ ತೆಗೆಯುವುದು, ವಿಭಾಗದ ಮುಖ್ಯಸ್ಥರಿಗೆ ಡ್ಯಾಶ್‌ಬೋರ್ಡ್ ಕಟ್ಟಿ ನಿರ್ವಹಿಸುವುದು, ಹಣಕಾಸು ತಂಡದ ಅಂಕಿಗಳ ಜೊತೆ ವ್ಯತ್ಯಾಸ ಬಂದರೆ ಹುಡುಕಿ ಸರಿಹೊಂದಿಸುವುದು, ಅಗತ್ಯವಿದ್ದಾಗ ಮಾರಾಟದ ಮುನ್ನಂದಾಜಿನಲ್ಲಿ ಪಾಲ್ಗೊಳ್ಳುವುದು.

ಅರ್ಹತೆ: 3ರಿಂದ 5 ವರ್ಷ ಅನುಭವ, ಎಸ್‌ಕ್ಯೂಎಲ್ (ಹಲವು ಟೇಬಲ್‌ಗಳ ಜಾಯಿನ್, ವಿಂಡೋ ಫಂಕ್ಷನ್), ಎಕ್ಸೆಲ್, ಪವರ್ ಬಿಐ ಅಥವಾ ಟ್ಯಾಬ್ಲೋ, ಪೈಥಾನ್ ಮತ್ತು ಆರ್, ಸ್ಪಾರ್ಕ್ ಮುಂತಾದ ಬಿಗ್ ಡೇಟಾ ತಂತ್ರಜ್ಞಾನ, ಕ್ಲೌಡ್ ಪರಿಚಯ, ಮೆಷಿನ್ ಲರ್ನಿಂಗ್, ಉತ್ತಮ ಸಂವಹನ, ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಆದ್ಯತೆ.

ಇದರಲ್ಲಿ ಅರ್ಧದಷ್ಟು ನನಗೆ ಬರುವುದಿಲ್ಲ. ನಿಜವಾಗಿ ಬೇಕಾದದ್ದು ಯಾವುದು ಅಂತ ಹೇಗೆ ಗುರುತಿಸುತ್ತೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಈಚೆಗೆ ಕೆಲಸ ಬದಲಿಸಿದವರು

ತುಂಬಾ ಯೋಚನೆ ಮಾಡಬೇಡಿ. ಪಟ್ಟಿಯಲ್ಲಿ ಶೇ 60ರಷ್ಟು ಹೊಂದಿದರೆ ಅರ್ಜಿ ಹಾಕಬಹುದು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಎಣಿಸಿ ಹಾಕಿದೆ, ಕೆಲಸ ಸಿಕ್ಕಿತು. ನಿಮಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇದೆ ಅನ್ನಿಸುತ್ತದೆ. ಪೈಥಾನ್ ಒಂದು ಕಲಿತುಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಅನಾಲಿಸ್ಟ್ ತಂಡ ನಡೆಸುವವರು

ಅರ್ಜಿ ಹಾಕಿ ಎಂಬ ಸಲಹೆಗೆ ನನ್ನ ಒಪ್ಪಿಗೆ ಇದೆ. ಆದರೆ ಆ ಎಣಿಕೆಯನ್ನು ನಂಬಬೇಡಿ. ಪಟ್ಟಿಯ ಹತ್ತರಲ್ಲಿ ಒಂಬತ್ತು ಬಂದು ಎಸ್‌ಕ್ಯೂಎಲ್ ಒಂದೇ ಬಾರದಿದ್ದರೆ ಈ ಹುದ್ದೆಗೆ ನೀವು ಆಗುವುದಿಲ್ಲ. ನಾಲ್ಕೇ ಬಂದು ಅವು ಸರಿಯಾದ ನಾಲ್ಕಾದರೆ ಆಗುತ್ತೀರಿ. ಎಷ್ಟು ಬರುತ್ತದೆ ಅನ್ನುವುದಕ್ಕಿಂತ ಯಾವುದು ಬರುವುದಿಲ್ಲ ಅನ್ನುವುದನ್ನು ನೋಡಬೇಕು.

ಇಂಥ ಪಟ್ಟಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು ನಾನು ಒಳಗಿನಿಂದ ನೋಡಿದ್ದೇನೆ. ಸಾಮಾನ್ಯವಾಗಿ ಹಳೆಯ ಜಾಹೀರಾತನ್ನೇ ತೆರೆಯುತ್ತಾರೆ. ಕೆಲಸ ಬಿಟ್ಟು ಹೋಗುತ್ತಿರುವವರಿಗೆ ಏನೇನು ಗೊತ್ತಿತ್ತೋ ಅದನ್ನೆಲ್ಲ ಸೇರಿಸುತ್ತಾರೆ, ಅವರು ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದನ್ನೂ ಬಿಡುವುದಿಲ್ಲ. ಪಕ್ಕದ ತಂಡದವರು ಮುಂದಿನ ವರ್ಷ ಕ್ಲೌಡ್‌ಗೆ ಹೋಗೋಣ ಅಂದಿರುತ್ತಾರೆ, ಅದೂ ಒಂದು ಸಾಲಾಗುತ್ತದೆ. ಕೊನೆಗೆ ಮಾನವ ಸಂಪನ್ಮೂಲದವರು ಎಲ್ಲ ಹುದ್ದೆಗೂ ಹಾಕುವ ಮಾತುಗಳನ್ನು ಸೇರಿಸುತ್ತಾರೆ. ಆಮೇಲೆ ಅರ್ಜಿಗಳು ಬಂದು ನಾನು ಆಯ್ಕೆಗೆ ಕೂತಾಗ ನನ್ನ ಮುಂದೆ ಇರುವ ಪ್ರಶ್ನೆ ಬೇರೆ: ಈ ವ್ಯಕ್ತಿ ಸೋಮವಾರದ ವರದಿಯನ್ನು ಯಾರ ಸಹಾಯವೂ ಇಲ್ಲದೆ ತೆಗೆಯಬಲ್ಲರೇ?

ಹಾಗಾಗಿ ಓದುವಾಗ ಅರ್ಹತೆಯ ಪಟ್ಟಿಯಿಂದ ಶುರು ಮಾಡಬೇಡಿ, ಕೆಲಸದ ಸಾಲುಗಳಿಂದ ಶುರು ಮಾಡಿ. ಒಂದೊಂದು ಸಾಲಿಗೂ ಇದನ್ನು ಮಾಡಲು ಏನು ಬೇಕು ಅಂತ ಕೇಳಿಕೊಳ್ಳಿ. ವಾರದ ವರದಿಗೆ ಎಸ್‌ಕ್ಯೂಎಲ್ ಬೇಕು. ವ್ಯತ್ಯಾಸ ಹುಡುಕುವುದಕ್ಕೂ ಅದೇ ಬೇಕು, ಜೊತೆಗೆ ಎಕ್ಸೆಲ್. ಡ್ಯಾಶ್‌ಬೋರ್ಡ್‌ಗೆ ಪವರ್ ಬಿಐ ಅಥವಾ ಟ್ಯಾಬ್ಲೋ. "ಅಥವಾ" ಎಂದು ಬರೆದಿದ್ದಾರೆ ಅಂದರೆ ಒಂದು ಬಂದವರು ಇನ್ನೊಂದನ್ನು ಕಲಿಯುತ್ತಾರೆ ಎಂದು ಅವರೇ ಒಪ್ಪಿದ್ದಾರೆ. ಈ ಮೂರು ಖಚಿತ, ಮೂರೂ ನಿಮ್ಮಲ್ಲಿವೆ.

ಈಗ ಸ್ಪಾರ್ಕ್ ನೋಡಿ. ಒಂದು ಯಂತ್ರಕ್ಕೆ ನಿಭಾಯಿಸಲಾಗದಷ್ಟು ಡೇಟಾವನ್ನು ಹಲವು ಯಂತ್ರಗಳಿಗೆ ಹಂಚಿ ಲೆಕ್ಕ ಹಾಕಲು ಅದನ್ನು ಬಳಸುತ್ತಾರೆ. ಈ ನಾಲ್ಕು ಕೆಲಸಗಳಲ್ಲಿ ಅಂಥದ್ದು ಎಲ್ಲಿದೆ? ವಾರಕ್ಕೊಮ್ಮೆ ವರದಿ, ಹಣಕಾಸಿನ ಅಂಕಿಗಳ ಹೊಂದಾಣಿಕೆ. ಇಷ್ಟಕ್ಕೆ ಅದು ಬೇಕಾಗುವುದು ಅಪರೂಪ. ಬರೆದ ರೀತಿಯೂ ಗಮನಿಸಿ. ಎಸ್‌ಕ್ಯೂಎಲ್ ಪಕ್ಕದಲ್ಲಿ ಜಾಯಿನ್, ವಿಂಡೋ ಫಂಕ್ಷನ್ ಅಂತ ಬಿಡಿಸಿ ಬರೆದಿದ್ದಾರೆ, ಅದು ಆ ಕೆಲಸವನ್ನು ಕೈಯಾರೆ ಮಾಡುವವರ ಬರಹ. "ಸ್ಪಾರ್ಕ್ ಮುಂತಾದ ಬಿಗ್ ಡೇಟಾ ತಂತ್ರಜ್ಞಾನ" ಅನ್ನುವ ಸಾಲನ್ನು ಅದನ್ನು ಬಳಸದವರೂ ಬರೆಯಬಹುದು. ಮೆಷಿನ್ ಲರ್ನಿಂಗ್, ಆರ್, ಸ್ನಾತಕೋತ್ತರ ಪದವಿ ಎಲ್ಲವೂ ನಾಲ್ಕನೆಯ ಕೆಲಸಕ್ಕೆ ಮಾತ್ರ ತಗುಲಿಕೊಂಡಿವೆ. ಆ ಸಾಲಿನಲ್ಲಿ "ಅಗತ್ಯವಿದ್ದಾಗ", "ಪಾಲ್ಗೊಳ್ಳುವುದು" ಎಂಬ ಎರಡು ಸಡಿಲ ಮಾತುಗಳಿವೆ. ನಾನಾದರೆ ಇವನ್ನು ಆಸೆಯ ಪಟ್ಟಿಗೆ ಹಾಕುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಹುಷಾರು. "ಉತ್ತಮ ಸಂವಹನ" ಎಲ್ಲ ಜಾಹೀರಾತಿನಲ್ಲೂ ಇರುವ ಮಾತು ಅಂತ ದಾಟಿ ಹೋಗಬೇಡಿ. ಇಲ್ಲಿ ಮೂರನೆಯ ಕೆಲಸ ನೋಡಿ: ನಿಮ್ಮ ಅಂಕಿ ತಪ್ಪು ಅಂತ ಹಣಕಾಸು ತಂಡಕ್ಕೆ ಹೇಳಬೇಕು, ಇಲ್ಲವೇ ನಮ್ಮದು ತಪ್ಪು ಅಂತ ಮುಖ್ಯಸ್ಥರಿಗೆ ಹೇಳಬೇಕು. ಈ ಹುದ್ದೆಗೆ ಅದು ನಿಜವಾದ ಅಗತ್ಯ. ನೀವು ಲೆಕ್ಕಪತ್ರದ ಕಡೆಯಿಂದಲೇ ಬರುತ್ತಿರುವುದರಿಂದ ಆ ಜಗಳದ ಎರಡೂ ಬದಿ ನಿಮಗೆ ಗೊತ್ತು. ಅರ್ಜಿಯಲ್ಲಿ ಅದನ್ನೇ ಮೇಲೆ ಬರೆಯಿರಿ.

ಪೈಥಾನ್ ಬಗ್ಗೆ ಜಾಹೀರಾತು ಓದಿ ನಿರ್ಧರಿಸಲು ಆಗುವುದಿಲ್ಲ. ಕೇಳಿಯೇ ತಿಳಿಯಬೇಕು.

ಸಾಫ್ಟ್‌ವೇರ್ ಬರೆಯುವವರು

ವರ್ಷಗಳ ಲೆಕ್ಕವನ್ನು ಯಾರೂ ಮುಟ್ಟಿಲ್ಲ. ಫಾಸ್ಟ್‌ಎಪಿಐ ಅನ್ನುವ ಪೈಥಾನ್ ತಂತ್ರಾಂಶ ಮೊದಲು ಬಿಡುಗಡೆಯಾದದ್ದು 2018ರ ಕೊನೆಗೆ. 2020ರಲ್ಲಿ ಅದರಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಅನುಭವ ಬೇಕು ಅನ್ನುವ ಜಾಹೀರಾತು ಬಂದಿತ್ತು. ಫಾಸ್ಟ್‌ಎಪಿಐ ಸೃಷ್ಟಿಸಿದವರೇ ಆ ಜಾಹೀರಾತು ನೋಡಿ, ನನಗೆ ಒಂದೂವರೆ ವರ್ಷದ ಅನುಭವ ಮಾತ್ರ ಇದೆ, ನಾನೂ ಅರ್ಜಿ ಹಾಕುವಂತಿಲ್ಲ ಎಂದು ಬರೆದಿದ್ದರು. ಒಂದು ತಂತ್ರಾಂಶ ಯಾವಾಗ ಬಂತು ಅನ್ನುವುದನ್ನು ಹುಡುಕಿ ನೋಡಿ, ಎಷ್ಟೋ ಸಲ ಆ ಸಂಖ್ಯೆಯನ್ನು ಯಾರೂ ಯೋಚಿಸಿ ಬರೆದಿಲ್ಲ ಅಂತ ಗೊತ್ತಾಗುತ್ತದೆ. ಆದ್ದರಿಂದ 3 ವರ್ಷ ಅಂದದ್ದಕ್ಕೆ ಎರಡೂವರೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ನೇಮಕಾತಿ ವಿಭಾಗದಲ್ಲಿರುವವರು

ಅದು ಒಂದು ತಂತ್ರಾಂಶದ ವರ್ಷಗಳ ವಿಷಯ, ಸರಿ. ಒಟ್ಟು ಅನುಭವದ ವರ್ಷ ಬೇರೆ. ಎಷ್ಟೋ ಕಡೆ ಅದು ಸಂಬಳದ ಶ್ರೇಣಿಗೆ ಕಟ್ಟಿಕೊಂಡಿರುತ್ತದೆ. 3 ವರ್ಷ ತುಂಬದವರನ್ನು ಆ ಶ್ರೇಣಿಗೆ ತರಬೇಕಾದರೆ ಮೇಲಿನವರ ಒಪ್ಪಿಗೆ ಬೇಕು, ಕೆಲವು ತಂಡಗಳು ಆ ತಾಪತ್ರಯ ಬೇಡ ಅನ್ನುತ್ತವೆ. ನಮ್ಮಲ್ಲಿ ಆರು ತಿಂಗಳು ಕಡಿಮೆ ಇದ್ದವರನ್ನು ತೆಗೆದುಕೊಂಡದ್ದೂ ಇದೆ, ಬಿಟ್ಟದ್ದೂ ಇದೆ.

ಇನ್ನೊಂದು ಸುಳಿವು ಕೊಡುತ್ತೇನೆ. ಅರ್ಜಿಯ ಫಾರ್ಮ್ ತುಂಬುವಾಗ ಹೌದು ಅಥವಾ ಇಲ್ಲ ಅಂತ ಉತ್ತರಿಸಬೇಕಾದ ಪ್ರಶ್ನೆಗಳು ಬರುತ್ತವಲ್ಲ, ಅವನ್ನು ಜಾಹೀರಾತಿಗಿಂತ ಗಂಭೀರವಾಗಿ ಓದಿ. ಉದ್ದನೆಯ ಪಟ್ಟಿ ಬರೆಯಲು ಯಾರಿಗೂ ಖರ್ಚಿಲ್ಲ. ಆದರೆ ಫಾರ್ಮ್‌ಗೆ ಪ್ರಶ್ನೆ ಹಾಕುವಾಗ "ಇಲ್ಲ ಅಂದವರನ್ನು ಬಿಡೋಣವೇ" ಅಂತ ತಂಡವನ್ನು ಕೇಳಿಯೇ ಹಾಕುತ್ತೇವೆ. ಅಲ್ಲಿ ಪೈಥಾನ್ ಬಗ್ಗೆ ಪ್ರಶ್ನೆ ಇದ್ದರೆ ಅದು ಅಗತ್ಯ ಅಂತಲೇ ತಿಳಿಯಿರಿ. ಸುಳ್ಳು ಉತ್ತರ ಮಾತ್ರ ಕೊಡಬೇಡಿ, ಸಂದರ್ಶನದಲ್ಲಿ ಮೊದಲು ಅದನ್ನೇ ಕೇಳುತ್ತಾರೆ.

ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು

ರೆಸ್ಯುಮೆಯಲ್ಲಿ ಜಾಹೀರಾತಿನ ಪದಗಳನ್ನೆಲ್ಲ ತುಂಬಿಸಬೇಕೇ ಅಂತ ಕೇಳುತ್ತಿದ್ದೀರಿ ಅಂದುಕೊಂಡೆ. ನಮ್ಮ ಕ್ಷೇತ್ರದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ನೋಂದಣಿ ಇಲ್ಲದವರನ್ನು ಆಸ್ಪತ್ರೆ ತೆಗೆದುಕೊಳ್ಳುವ ಹಾಗೇ ಇಲ್ಲ, ಮಾತುಕತೆಗೆ ಜಾಗವೇ ಇಲ್ಲ. ಇಂಥ ಯಂತ್ರದಲ್ಲಿ ಅನುಭವ ಬೇಕು ಅಂತ ಬರೆದಿರುತ್ತಾರೆ, ಅದನ್ನು ಮಾತ್ರ ಸೇರಿದ ಮೇಲೆ ಕಲಿಸುತ್ತಾರೆ.

ಅನಾಲಿಸ್ಟ್ ತಂಡ ನಡೆಸುವವರು

ನೀವು ಹೇಳಿದ್ದು ಇಲ್ಲಿಗೂ ಹೊಂದುತ್ತದೆ ಮೇಡಂ. ಕಾನೂನು ಕೇಳುವ ಪರವಾನಗಿ, ನೋಂದಣಿ, ಸರ್ಕಾರಿ ಹುದ್ದೆಯ ಕನಿಷ್ಠ ಅರ್ಹತೆ ಇವುಗಳಿಗೆ ನಾನು ಹೇಳಿದ ಓದುವ ರೀತಿ ನಡೆಯುವುದಿಲ್ಲ. ಅಲ್ಲಿ ಬರೆದದ್ದು ಬರೆದಂತೆಯೇ. ತಂಡದ ಮುಖ್ಯಸ್ಥರಿಗೆ ಬಿಟ್ಟುಕೊಡುವ ಅಧಿಕಾರ ಇರುವ ಕಡೆ ಮಾತ್ರ ಈ ವಿಂಗಡಣೆಗೆ ಅರ್ಥ.

ಮೂರು ಕಡೆ ಕೆಲಸ ಮಾಡಿದವರು

"ಅಗತ್ಯವಿದ್ದಾಗ" ಅನ್ನುವುದನ್ನು ಅಷ್ಟು ಸುಲಭವಾಗಿ ಆಸೆಯ ಪಟ್ಟಿಗೆ ಹಾಕಬೇಡಿ ಸರ್. ನಾನು ಸೇರಿದ ಒಂದು ಕಂಪನಿಯ ಜಾಹೀರಾತಿನಲ್ಲಿ "ಅಗತ್ಯವಿದ್ದಾಗ ಡೇಟಾ ಪೈಪ್‌ಲೈನ್ ನೋಡಿಕೊಳ್ಳುವುದು" ಅಂತ ಕೊನೆಯ ಸಾಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಆಗಲೇ ಬಿಟ್ಟು ಹೋಗಿದ್ದರು. ಎರಡನೇ ತಿಂಗಳಿಂದ ನನ್ನ ದಿನದ ಬಹುಪಾಲು ಅದಕ್ಕೇ ಹೋಯಿತು, ಡ್ಯಾಶ್‌ಬೋರ್ಡ್ ಮೂಲೆಗೆ ಬಿತ್ತು. ಕೊನೆಯ ಸಾಲು ಉಳಿದ ಸಾಲುಗಳಿಗೆ ಹೊಂದದ ಬೇರೆ ಜಾತಿಯ ಕೆಲಸವಾಗಿದ್ದರೆ ಈಗ ಅದನ್ನು ಯಾರು ಮಾಡುತ್ತಿದ್ದಾರೆ ಅಂತ ಕೇಳಲೇಬೇಕು. "ಸದ್ಯಕ್ಕೆ ಯಾರೂ ಇಲ್ಲ" ಅಂತ ಉತ್ತರ ಬಂದರೆ ಅದು ನಿಮ್ಮ ತಲೆಗೇ ಬರುತ್ತದೆ.

ಅನಾಲಿಸ್ಟ್ ತಂಡ ನಡೆಸುವವರು

ಒಪ್ಪಿದೆ, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹಾಗಾದರೆ ಫೋನಿನಲ್ಲಿ ಕೇಳಬೇಕಾದದ್ದು ಮೂರು. ಸೇರಿದ ಮೊದಲ ಮೂರು ತಿಂಗಳಲ್ಲಿ ಯಾವ ಕೆಲಸ ಮುಗಿಯಬೇಕು? ಪೈಥಾನ್ ಈಗ ತಂಡದಲ್ಲಿ ಯಾವುದಕ್ಕೆ ಬಳಕೆಯಾಗುತ್ತಿದೆ? ಮುನ್ನಂದಾಜು ಈಗ ಯಾರು ಮಾಡುತ್ತಿದ್ದಾರೆ? "ಪೈಥಾನ್ ಕಡ್ಡಾಯವೇ" ಅಂತ ನೇರವಾಗಿ ಕೇಳಬೇಡಿ. ಫೋನ್ ಮಾಡುವವರ ಕೈಯಲ್ಲಿ ಅದೇ ಪಟ್ಟಿ ಇರುತ್ತದೆ, ಹೌದು ಅಂತಲೇ ಅನ್ನುತ್ತಾರೆ. ಬಳಕೆ ಕೇಳಿದರೆ ಅವರು ತಂಡವನ್ನು ವಿಚಾರಿಸಬೇಕಾಗುತ್ತದೆ, ಆಗ ನಿಜ ಹೊರಬರುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಅರ್ಜಿ ಹಾಕಿದೆ. ಫಾರ್ಮ್‌ನಲ್ಲಿ ಹೌದು/ಇಲ್ಲ ಪ್ರಶ್ನೆ ಎರಡೇ ಇದ್ದವು: ಎಸ್‌ಕ್ಯೂಎಲ್ ಬರುತ್ತದೆಯೇ, ಡ್ಯಾಶ್‌ಬೋರ್ಡ್ ಮಾಡಿದ್ದೀರಾ. ಇವತ್ತು ಫೋನ್ ಬಂದಿತ್ತು. ಮೊದಲ ಮೂರು ತಿಂಗಳ ಕೆಲಸ ಕೇಳಿದ್ದಕ್ಕೆ ಹಳೆಯ ಡ್ಯಾಶ್‌ಬೋರ್ಡ್‌ಗಳನ್ನು ವಹಿಸಿಕೊಳ್ಳುವುದು, ತಿಂಗಳ ಕೊನೆಯ ಹೊಂದಾಣಿಕೆ ಎಂದರು. ಪೈಥಾನ್‌ನಲ್ಲಿ ವರದಿಯ ಫೈಲುಗಳನ್ನು ಒಟ್ಟುಗೂಡಿಸುವ ಒಂದು ಸ್ಕ್ರಿಪ್ಟ್ ಇದೆಯಂತೆ, ಅಷ್ಟೇ. ಮುನ್ನಂದಾಜು ಇನ್ನೊಂದು ತಂಡದವರದ್ದು, ನಾವು ಅಂಕಿ ಕೊಡಬೇಕು. ಎರಡೂವರೆ ವರ್ಷದ ವಿಷಯಕ್ಕೆ ಮಾತ್ರ "ಕೇಳಿ ಹೇಳುತ್ತೇವೆ" ಅಂದಿದ್ದಾರೆ. ಸ್ಪಾರ್ಕ್ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನೇಮಕಾತಿ ವಿಭಾಗದಲ್ಲಿರುವವರು

ಕೇಳಿ ಹೇಳುತ್ತೇವೆ ಅಂದರೆ ತಂಡಕ್ಕೆ ನಿಮ್ಮ ಮೇಲೆ ಆಸಕ್ತಿ ಇದೆ, ಶ್ರೇಣಿಯ ಒಪ್ಪಿಗೆ ಬಾಕಿ ಇದೆ ಅಂತ ಇರಬಹುದು. ಬೇರೆ ಅರ್ಜಿದಾರರನ್ನೂ ನೋಡುತ್ತಿರಬಹುದು. ಒಂದು ವಾರ ಕಾದು ನೀವೇ ಫೋನ್ ಮಾಡಿ, ಕೆಳಗಿನ ಶ್ರೇಣಿಯಲ್ಲಿ ಹುದ್ದೆ ಇದೆಯೇ ಅಂತಲೂ ವಿಚಾರಿಸಿ.

ಸಾಫ್ಟ್‌ವೇರ್ ಬರೆಯುವವರು

ಕೆಳಗಿನ ಶ್ರೇಣಿಯ ಮಾತನ್ನು ಅವರಾಗಿ ಎತ್ತುವ ಮೊದಲು ನೀವು ಎತ್ತಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕೆಲಸ ಅದೇ, ಸಂಬಳ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ವಿಂಡೋ ಫಂಕ್ಷನ್ ಅಭ್ಯಾಸ ಮಾಡಿಕೊಳ್ಳಿ, ಪರೀಕ್ಷೆ ಇಟ್ಟರೆ ಅದರಲ್ಲೇ ಇಡುತ್ತಾರೆ.