‘ನಾನು ಮಾಡಿದ ಮನೆಗಳು’ ಅಂದರೆ ಯಾರು ಮಾಡಿದ ಮನೆಗಳು?

ಗೋಣಿಕೊಪ್ಪದಿಂದ:

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಮೂರೇ ಜನ ಇರುವ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿಗೆ ನನ್ನ ಪರಿಚಯದ ಪತ್ರ ಬರೆಯುತ್ತಿದ್ದೇನೆ. ಆರ್ಕಿಟೆಕ್ಟರು ಕೊಟ್ಟ ನಕ್ಷೆ ನೋಡಿ, ಇನ್ನೂ ಕಟ್ಟದ ಮನೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ, ಬಿಸಿಲು ಬಿಟ್ಟು, ಫೋಟೋ ತರಹದ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಇಂಗ್ಲಿಷಿನಲ್ಲಾದರೆ ಹತ್ತು ನಿಮಿಷದ ಪತ್ರ. ಆದರೆ ಅಲ್ಲಿನ ಹಿರಿಯರು, ‘ಕನ್ನಡದಲ್ಲೇ ಕಳಿಸಿ, ಮನೆ ಕಟ್ಟಿಸುವವರಿಗೂ ತೋರಿಸಬಹುದು’ ಅಂದರು. ಅಲ್ಲಿ ಸಿಕ್ಕಿಬಿದ್ದೆ.

ಈಗಿನ ಒಕ್ಕಣೆ ಹೀಗಿದೆ:

‘ಮಾನ್ಯರೇ, ನಾನು ಹವ್ಯಾಸಿ ದೃಶ್ಯ ಕಲಾವಿದ. ನಾನು ಮಾಡಿದ ಎಂಟು ಮನೆಗಳ ಚಿತ್ರಗಳನ್ನು ಇದರ ಜೊತೆ ಲಗತ್ತಿಸಿದ್ದೇನೆ. ಬೆಳಕು, ನೆರಳು ಎಲ್ಲವೂ ನೈಜವಾಗಿ ಮೂಡಿಬಂದಿವೆ.’

ಇದನ್ನು ಓದಿದ ಗೆಳೆಯ, ‘ಎಂಟು ಮನೆ ಯಾವಾಗ ಕಟ್ಟಿಸಿದೆ ಮಾರಾಯ?’ ಅಂತ ನಕ್ಕ. ಇಂಥ ಚಿತ್ರಕ್ಕೆ ಇಂಗ್ಲಿಷಿನಲ್ಲಿ ‘ರೆಂಡರ್’ ಅನ್ನುತ್ತಾರೆ, ಅದಕ್ಕೆ ಒಂದು ಒಳ್ಳೆಯ ಕನ್ನಡ ಪದ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅಂತ ನನ್ನ ಅಂದಾಜು. ಏನು ಬಳಸಲಿ?

ಬೆಂಗಳೂರಿನಿಂದ:

ರೆಂಡರ್ ಪದ ಲ್ಯಾಟಿನ್ನಿನಿಂದ ಫ್ರೆಂಚಿಗೆ ಬಂದು ಅಲ್ಲಿಂದ ಇಂಗ್ಲಿಷಿಗೆ ಇಳಿದದ್ದು. ಮೂಲದಲ್ಲಿ ‘ಮರಳಿ ಕೊಡು’ ಅಂತ ಅರ್ಥ. ಹಾಗಾಗಿ ‘ಪ್ರತಿರೂಪ’ ಅನ್ನಿ, ಮೂಲಕ್ಕೆ ಹತ್ತಿರ. ನಿಮ್ಮನ್ನು ‘ವಾಸ್ತುದೃಶ್ಯಶಿಲ್ಪಿ’ ಎಂದು ಕರೆದುಕೊಳ್ಳಬಹುದು. ‘ಹವ್ಯಾಸಿ’ ಸರಿಯಾಗಿಯೇ ಇದೆ. ಪತ್ರಿಕೆಗಳಲ್ಲಿ ‘ಹವ್ಯಾಸಿ ಪತ್ರಕರ್ತ’ ಎಂಬ ಬಳಕೆ ಎಷ್ಟೋ ಕಾಲದಿಂದ ಇದೆಯಲ್ಲ.

ಸೋಮವಾರಪೇಟೆಯಿಂದ:

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ರೆಂಡರ್ ಅಂದರೆ ಗಾರೆ. ಕೆಲವರು ಗಿಲಾವು ಅಂತಾರೆ. ಒಳಗೋಡೆಗೆ 12 ಮಿಲಿಮೀಟರ್ ಸಾಕು, ಮಳೆ ಹೊಡೆಯುವ ಹೊರಗೋಡೆಗೆ ಅದಕ್ಕಿಂತ ಜಾಸ್ತಿ ಬೇಕು, ಅದೂ ಎರಡು ಸಲ ಹಾಕಬೇಕು. ಎಂಟು ಮನೆಗೆ ಗಾರೆ ಮಾಡಿದ್ದೀರಿ ಅಂದರೆ ಅನುಭವ ಇದೆ ಅಂತಾಯ್ತು. ಪತ್ರದಲ್ಲಿ ಚದರಡಿ ರೇಟು ಬರೆಯಿರಿ, ಆಫೀಸಿನವರು ಮೊದಲು ಕೇಳುವುದು ಅದನ್ನೇ.

ಮೈಸೂರಿನಿಂದ:

ಕೇಳಿದ ಪ್ರಶ್ನೆ ಬೇರೆ, ಸೋಮವಾರಪೇಟೆಯ ಅಣ್ಣನವರು ಕೊಟ್ಟ ಉತ್ತರ ಬೇರೆ. ಆದರೂ ಅವರ ಮಾತಿನಲ್ಲಿ ಒಂದು ಉಪಯೋಗ ಇದೆ. ಕಟ್ಟುವ ಜನಕ್ಕೆ ‘ರೆಂಡರ್’ ಅಂದರೆ ಗೋಡೆಯ ಗಾರೆಯೂ ಹೌದು. ಈ ಪತ್ರ ಮನೆ ಕಟ್ಟಿಸುವವರ ಕೈಗೂ ಹೋಗುತ್ತದೆ ಅಂದಮೇಲೆ ಬರೀ ‘ಎಂಟು ರೆಂಡರ್’ ಅಂತ ಬಿಟ್ಟರೆ ಇನ್ನೊಬ್ಬರೂ ಹೀಗೇ ಓದಿಯಾರು.

ನಾನು ಇಂಥ ಆಫೀಸಿನಲ್ಲಿ ಇಪ್ಪತ್ತು ವರ್ಷ ಇದ್ದೆ. ಬಂದ ಪತ್ರಗಳನ್ನು ಮೊದಲು ಓದುತ್ತಿದ್ದವಳು ನಾನೇ. ನನ್ನ ಪ್ರಕಾರ ನಿಮ್ಮ ತೊಂದರೆ ಇರುವುದು ‘ರೆಂಡರ್’ನಲ್ಲಿ ಅಲ್ಲ, ‘ಮಾಡಿದ’ದಲ್ಲಿ. ಕನ್ನಡದ ‘ಮಾಡು’ ಎಲ್ಲವನ್ನೂ ನುಂಗಿಬಿಡುತ್ತದೆ. ಮನೆಯ ವಿನ್ಯಾಸ ಮಾಡಿದವರೂ ‘ಮಾಡಿದ ಮನೆ’ ಅಂತಾರೆ, ಕಟ್ಟಿದ ಮೇಸ್ತ್ರಿಯೂ ಅಂತಾನೆ, ಚಿತ್ರ ತೆಗೆದ ನೀವೂ ಅಂತೀರಿ. ಓದುವ ಆರ್ಕಿಟೆಕ್ಟಿಗೆ ಮೊದಲು ಬರುವ ಅನುಮಾನ, ‘ಇನ್ನೊಬ್ಬರ ವಿನ್ಯಾಸವನ್ನು ತನ್ನದು ಅಂತ ತೋರಿಸ್ತಾ ಇದ್ದಾನಾ?’ ಅಲ್ಲಿಗೆ ಪತ್ರ ಪಕ್ಕಕ್ಕೆ ಹೋಯಿತು. ಹಾಗಾಗಿ ಆ ಒಂದು ಕ್ರಿಯಾಪದವನ್ನು ಒಡೆಯಿರಿ. ವಿನ್ಯಾಸ ಯಾರದು, ಕಂಪ್ಯೂಟರಿನಲ್ಲಿ ಮನೆಯ ಮಾದರಿ ಎಬ್ಬಿಸಿದ್ದು ಯಾರು, ಬೆಳಕು ಮತ್ತು ಗೋಡೆ-ಹಂಚುಗಳ ಬಣ್ಣ ಕೂರಿಸಿದ್ದು ಯಾರು. ಮಾದರಿ ಆಫೀಸಿನವರೇ ಕೊಟ್ಟಿದ್ದರೆ ಅದನ್ನೂ ಹೇಳಿ. ಮರ, ಕಾರು, ಕುರ್ಚಿ ಇಂಟರ್ನೆಟ್ಟಿನಿಂದ ತಂದದ್ದಾದರೆ ನಾಚಿಕೆ ಬೇಡ, ಎಲ್ಲರೂ ತರುತ್ತಾರೆ. ಇನ್ನೊಂದು ಮುಖ್ಯ ವಿಷಯ. ಆ ಎಂಟರಲ್ಲಿ ಬೇರೆ ಆಫೀಸಿಗೆ ಮಾಡಿಕೊಟ್ಟದ್ದು ಇದ್ದರೆ ಅವರನ್ನು ಕೇಳಿಯೇ ತೋರಿಸಿ.

ಇನ್ನು ‘ಹವ್ಯಾಸಿ’. ಬೆಂಗಳೂರಿನವರು ಹೇಳಿದ್ದು ಅರ್ಧ ನಿಜ. ಪತ್ರಿಕೆಯ ಪಕ್ಕ ಬಂದಾಗ ಅದು ಸಂಬಳಕ್ಕಿಲ್ಲದೆ ಸ್ವತಂತ್ರವಾಗಿ ದುಡಿಯುವವನು. ‘ಹವ್ಯಾಸಿ ನಾಟಕ ತಂಡ’ ಅಂದಾಗ ಅದೇ ಪದ ಬೇರೆ ಹೊಟ್ಟೆಪಾಡು ಇದ್ದು ಪ್ರೀತಿಗೆ ಆಡುವವರು. ನಿಮ್ಮ ಪತ್ರದಲ್ಲಿ ಎರಡನೇ ಅರ್ಥವೇ ಮುಂದೆ ನಿಲ್ಲುತ್ತದೆ. ‘ಸ್ವತಂತ್ರವಾಗಿ ಈ ಕೆಲಸ ಮಾಡುತ್ತೇನೆ’ ಅಂದರೆ ಮುಗಿಯಿತು. ‘ವಾಸ್ತುದೃಶ್ಯಶಿಲ್ಪಿ’ ಬೇಡವೇ ಬೇಡ. ಅರ್ಧ ಜನ ದೇವರಮನೆ ಯಾವ ಮೂಲೆಗೆ ಅಂತ ಕೇಳ್ತಾರೆ. ಅಲ್ಲದೆ 1972ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಅದರ ನೆರಳು ಬೀಳುವ ಪದದಿಂದ ದೂರ ಇದ್ದರೆ ಕ್ಷೇಮ.

ಕೊನೆಯದು ‘ನೈಜವಾಗಿ’. ಎಲ್ಲರೂ ಬರೆಯುವ ಪದ, ಏನನ್ನೂ ಹೇಳುವುದಿಲ್ಲ. ಮಡಿಕೇರಿ ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ನಡುಹಗಲಲ್ಲೂ 54 ಡಿಗ್ರಿಯಷ್ಟೇ ಮೇಲೇರುವುದು. ಉತ್ತರ ಮುಖದ ಜಗುಲಿಯ ಮೇಲೆ ಡಿಸೆಂಬರ್ ಬಿಸಿಲು ಚೆಲ್ಲಿದ ಚಿತ್ರ ಎಷ್ಟು ಚಂದ ಇದ್ದರೂ ಸುಳ್ಳೇ. ನಕ್ಷೆಯ ಉತ್ತರ ದಿಕ್ಕಿನ ಬಾಣ ನೋಡದೆ, ಚಂದಕ್ಕೆ ಅಂತ ಸೂರ್ಯನನ್ನು ಎಳೆದಾಡಿದರೆ ಹೀಗಾಗುತ್ತದೆ. ಇದು ಆರ್ಕಿಟೆಕ್ಟಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ‘ನೈಜ’ ತೆಗೆದು, ಪ್ರತಿ ಚಿತ್ರದ ಕೆಳಗೆ ಊರು, ತಾರೀಖು, ಗಂಟೆ ಬರೆಯಿರಿ.

ಸಿದ್ದಾಪುರದಿಂದ:

ನನ್ನದೂ ಒಂದು ಕಥೆ. ತೋಟದ ಪಕ್ಕ ಹೋಂಸ್ಟೇ ಕಟ್ಟಿಸೋಣ ಅಂತ ಹೊರಟಾಗ ಒಬ್ಬರು ವಾಟ್ಸಾಪಿನಲ್ಲಿ ಒಂದು ಮನೆ ಕಳಿಸಿದರು. ‘ನೋಡಿ ಬರ್ತೀನಿ, ಎಲ್ಲಿದೆ?’ ಅಂತ ಕೇಳಿದೆ. ಅಂಥ ಮನೆಯೇ ಇರಲಿಲ್ಲ! ನನಗೆ ಪೆಚ್ಚಾಯಿತು. ಮತ್ತೆ ನೋಡಿದರೆ ಆ ಮನೆಗೆ ಸೂರು ಒಂದಡಿಯೂ ಹೊರಗೆ ಚಾಚಿರಲಿಲ್ಲ. ನಮ್ಮ ಜುಲೈ ಮಳೆಯಲ್ಲಿ ಆ ಕಿಟಕಿಗಳ ಗತಿ ಏನು? ‘ಚಿತ್ರ’ ಅಂದರೆ ನಮ್ಮಂಥವರಿಗೆ ಫೋಟೋನೇ. ಪದ ಯಾವುದಾದರೂ ಇರಲಿ, ‘ಇದು ಕಟ್ಟಿದ ಮನೆ ಅಲ್ಲ’ ಅಂತ ದಪ್ಪಕ್ಷರದಲ್ಲಿ ಬರೆಯಿರಿ.

ಗೋಣಿಕೊಪ್ಪದಿಂದ:

ಮೇಡಂ, ನೀವು ಹೇಳಿದ ಮೇಲೆ ಎಂಟನ್ನೂ ತೆಗೆದು ನೋಡಿದೆ. ಮೂರನೆಯದರಲ್ಲಿ ಉತ್ತರದ ಜಗುಲಿಗೆ ಬಿಸಿಲು ಬಂದಿತ್ತು. ಅದನ್ನು ತೆಗೆದಿದ್ದೇನೆ. ಇನ್ನೊಂದಕ್ಕೆ ಒಪ್ಪಿಗೆ ಸಿಗಲಿಲ್ಲ. ಉಳಿದದ್ದು ಆರು. ಈಗ ಪತ್ರ ಹೀಗಿದೆ:

‘ಮಾನ್ಯರೇ, ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಎಂದು ತೋರಿಸುವ ಕಂಪ್ಯೂಟರ್ ಚಿತ್ರಗಳನ್ನು ನಾನು ಸ್ವತಂತ್ರವಾಗಿ ಮಾಡಿಕೊಡುತ್ತೇನೆ. ಇದರ ಜೊತೆ ಆರು ರೆಂಡರ್ ಚಿತ್ರಗಳಿವೆ. ಇವು ಕಟ್ಟಿದ ಮನೆಗಳ ಫೋಟೋಗಳಲ್ಲ. ವಿನ್ಯಾಸ ನನ್ನದಲ್ಲ. ಯಾರದೆಂದು ಪ್ರತಿ ಚಿತ್ರದ ಕೆಳಗೆ ಬರೆದಿದ್ದೇನೆ, ಅವರ ಒಪ್ಪಿಗೆಯೂ ಇದೆ. ನಾಲ್ಕರಲ್ಲಿ ನಕ್ಷೆಯಿಂದ ಮಾದರಿ ಎಬ್ಬಿಸಿದ್ದು ನಾನು, ಎರಡರಲ್ಲಿ ಮಾದರಿ ಅವರೇ ಕೊಟ್ಟದ್ದು. ಬೆಳಕು ಮತ್ತು ಬಣ್ಣ ಆರರಲ್ಲೂ ನನ್ನ ಕೆಲಸ. ಐದನೆಯದು ಮಡಿಕೇರಿಯ ಒಂದು ಮನೆ, ಡಿಸೆಂಬರ್ 22, ಬೆಳಗ್ಗೆ 9 ಗಂಟೆಯ ಬಿಸಿಲು. ಆರನೆಯದು ಅದೇ ಮನೆ, ಜುಲೈ ತಿಂಗಳ ಮೋಡದ ಬೆಳಕಿನಲ್ಲಿ.’

ಬೆಂಗಳೂರಿನಿಂದ:

ಪತ್ರ ಚೆನ್ನಾಗಿದೆ, ಒಪ್ಪಿದೆ. ಆದರೂ ‘ರೆಂಡರ್ ಚಿತ್ರ’ ಕಿವಿಗೆ ಚುಚ್ಚುತ್ತದೆ. ‘ಮುನ್ನೋಟ’ ಹೇಗೆ?

ಮೈಸೂರಿನಿಂದ:

‘ಮುನ್ನೋಟ’ ನನಗೂ ಇಷ್ಟ. ಆದರೆ ಕಟ್ಟಡದವರು ‘ಮುಂದಿನ ನೋಟ’ ಅಂದರೆ ಮನೆಯ ಮುಂಭಾಗದ ನಕ್ಷೆ ಅಂದುಕೊಳ್ಳುತ್ತಾರೆ. ಎರಡೂ ಬೆರೆತು ಹೋದೀತು ಅಂತ ಸಣ್ಣ ಅನುಮಾನ.

ಸೋಮವಾರಪೇಟೆಯಿಂದ:

ಓ, ಚಿತ್ರದ ವಿಷಯವಾ! ಕಳಿಸಿದ್ದನ್ನು ಈಗ ನೋಡಿದೆ. ಐದನೆಯದರಲ್ಲಿ ಪಡುವಣ ಗೋಡೆಗೆ ಗಾರೆನೇ ಇಲ್ಲ, ಕೆಂಪು ಕಲ್ಲು ಹಾಗೇ ಕಾಣ್ತಾ ಇದೆ. ಅದು ಮನೆಯವರು ಕೇಳಿದ್ದಾ, ನೀವು ಮರೆತದ್ದಾ?