ಅಪ್‌ಡೇಟ್: ಪ್ರಾಂಶುಪಾಲರ ಶಿಫಾರಸು ಪತ್ರ

ನನ್ನ ಪ್ರಶ್ನೆ: ತರಬೇತಿ ಫೆಲೋಶಿಪ್‌ಗೆ ಅರ್ಜಿ ಸಲ್ಲಿಸುತ್ತಿರುವ ಗಣಿತ ಶಿಕ್ಷಕಿ ನಾನು. ಶಿಫಾರಸು ಪತ್ರದ ಕರಡನ್ನು ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ ಎಂದು ಪ್ರಾಂಶುಪಾಲರು ಹೇಳಿದ್ದಾರೆ. ಬರೆಯಬಹುದೇ?

ಅಪ್‌ಡೇಟ್: ಕೊನೆಗೆ ನಾನು ಕರಡು ಬರೆಯಲಿಲ್ಲ. ಅರ್ಜಿಯ ನನ್ನ ಪ್ರಬಂಧವೂ ಪತ್ರವೂ ಒಂದೇ ಕೈಯ ಬರಹವೆಂದು ಆಯ್ಕೆಗಾರರಿಗೆ ಅನಿಸಿದರೆ ಎರಡರ ಬೆಲೆಯೂ ಕುಸಿಯುತ್ತದೆ. ಬದಲಿಗೆ ಫೆಲೋಶಿಪ್‌ನ ಆಯ್ಕೆ ಮಾನದಂಡಗಳನ್ನೂ, ಸರ್ ಸ್ವತಃ ಕುಳಿತು ನೋಡಿದ್ದ ಒಂದು ತರಗತಿಯ ಟಿಪ್ಪಣಿಯನ್ನೂ ಒಂದೇ ಪುಟದಲ್ಲಿ ಕೊಟ್ಟೆ.

ಅವರ ಮೊದಲ ಪತ್ರದಲ್ಲಿ ‘ಶ್ರದ್ಧಾವಂತರು, ಸಮಯಪಾಲಕರು’ ಎಂಬಷ್ಟೇ ಇತ್ತು; ಅದು ನಡತೆ ಪ್ರಮಾಣಪತ್ರದಂತಿತ್ತೆಂದು ಹೇಳಲು ನನಗೆ ಸಂಕೋಚವೇ ಆಯಿತು. ಟಿಪ್ಪಣಿ ಓದಿದ ಮೇಲೆ ಅವರೇ ತಿದ್ದಿ ಬರೆದರು: ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಮಕ್ಕಳು ಐದನೇ ಎರಡು ಎಂದಾಗ, ನಾನು ಉತ್ತರ ತಿದ್ದದೆ, ಕಾಗದದ ಪಟ್ಟಿಯನ್ನು ಆರು ಸಮಭಾಗವಾಗಿ ಮಡಿಸಲು ಹೇಳಿದ್ದು, ಆ ಉತ್ತರ ಅರ್ಧಕ್ಕಿಂತಲೂ ಚಿಕ್ಕದೆಂದು ಮಕ್ಕಳೇ ಕಂಡುಕೊಂಡದ್ದು, ಆದರೆ ಹಿಂದಿನ ಬೆಂಚಿನವರನ್ನು ಚರ್ಚೆಗೆ ಎಳೆಯುವಲ್ಲಿ ನನಗಿನ್ನೂ ತರಬೇತಿ ಬೇಕಿರುವುದು. ಈ ಕೊನೆಯ ಮಾತು ಮೊದಲು ಚುಚ್ಚಿತಾದರೂ ತರಬೇತಿ ಏಕೆ ಬೇಕೆಂಬುದಕ್ಕೆ ಉತ್ತರ ಅಲ್ಲೇ ಇತ್ತು.

ತರಬೇತಿಯ ದಿನಗಳಲ್ಲಿ ನನ್ನನ್ನು ಕರ್ತವ್ಯದಿಂದ ಬಿಡುಗಡೆ ಮಾಡಿ, ನನ್ನ ತರಗತಿಗಳನ್ನು ಇನ್ನೊಬ್ಬರಿಗೆ ವಹಿಸುವುದಾಗಿಯೂ ಬರೆದಿದ್ದಾರೆ. ಈ ಭರವಸೆಯನ್ನು ಸಹೋದ್ಯೋಗಿಯ ಪತ್ರ ಕೊಡಲಾರದು. ಪತ್ರವನ್ನು ಶಾಲೆಯ ಇಮೇಲ್‌ನಿಂದ ಅವರೇ ನೇರವಾಗಿ ಕಳುಹಿಸಿದರು. ಫಲಿತಾಂಶ ಇನ್ನೂ ಬಂದಿಲ್ಲ.